‘ಇವನ್ನು ಸೇವ್ ಮಾಡಿ’ ಎಂದಷ್ಟೇ ಹೇಳಿದಾಗ

ಪ್ರಶ್ನೆ: ಸಾಹೇಬರು ವಿಸಿಟಿಂಗ್ ಕಾರ್ಡುಗಳ ಫೋಟೋ ವಾಟ್ಸಾಪ್ ಮಾಡಿ ‘ಇವನ್ನು ಸೇವ್ ಮಾಡಿ’ ಎಂದಷ್ಟೇ ಹೇಳಿದ್ದಾರೆ. ಹೇಗೆ ಮಾಡಲಿ? (ಮಂಡ್ಯ)

ಯಾವ ಫೋನಿನಲ್ಲಿ, ಯಾವ ಖಾತೆಯಲ್ಲಿ ಎಂಬುದೊಂದನ್ನು ಮೊದಲು ಕೇಳಿಕೊಳ್ಳಿ. ನಿಮ್ಮ ಫೋನಿನಲ್ಲಿ ಉಳಿಸಿದರೆ ಸಾಹೇಬರು ಹುಡುಕಿದಾಗ ಅವರಿಗೆ ಏನೂ ಸಿಗುವುದಿಲ್ಲ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸುವುದರಿಂದ ಅದೇ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಕಾರ್ಡುಗಳ ಹಿಂಬದಿಯನ್ನೂ ತರಿಸಿಕೊಳ್ಳಿ.

ಒಬ್ಬ ಬೆಲ್ಲದ ವರ್ತಕರ ಕಾರ್ಡನ್ನು ತೆಗೆದುಕೊಳ್ಳೋಣ. ಅಂಗಡಿಯ ಹೆಸರಿನ ಕೆಳಗೆ ಇಬ್ಬರು ಪಾಲುದಾರರ ಹೆಸರು ಮತ್ತು ಮೊಬೈಲ್, 08232 ಕೋಡಿನ ಮುಂದೆ 40/41 ಎಂದು ಮುಗಿಯುವ ಸ್ಥಿರ ದೂರವಾಣಿ, ಜಿಎಸ್‌ಟಿ ಸಂಖ್ಯೆ, ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆದ ಇನ್ನೊಂದು ನಂಬರು ಇವೆ. ಇದು ಒಂದು ನಮೂದಲ್ಲ, ಎರಡು. ಇಬ್ಬರಲ್ಲೂ ಅಂಗಡಿಯ ಹೆಸರನ್ನು ಕಂಪನಿಯ ಜಾಗದಲ್ಲಿ ಒಂದೇ ರೀತಿ ಬರೆಯಬೇಕು. 40/41 ಎಂದರೆ ಕೊನೆಯ ಎರಡಂಕಿ ಮಾತ್ರ ಬದಲಾಗುವ ಎರಡು ನಂಬರುಗಳು, ಆದರೆ ಕಾರ್ಡು ಓದುವ ಸ್ಕ್ಯಾನರ್ ಆ್ಯಪ್ ಅವನ್ನು ಅಂಟಿಸಿ ಒಂದೇ ಉದ್ದ ನಂಬರು ಮಾಡಿಬಿಡಬಹುದು. ಇದನ್ನು ಹಿಡಿಯುವುದು ಸುಲಭ: ಮೊಬೈಲ್ ಆಗಲಿ, ಮೊದಲ ಸೊನ್ನೆ ಬಿಟ್ಟ ಎಸ್‌ಟಿಡಿ ಕೋಡ್ ಸಹಿತವಾದ ಸ್ಥಿರ ದೂರವಾಣಿಯಾಗಲಿ, +91ರ ನಂತರ ಹತ್ತೇ ಅಂಕಿ ಇರಬೇಕು. ಮಂಡ್ಯದ 8232ರ ಮುಂದೆ ಆರು, ಮೈಸೂರಿನ 821ರ ಮುಂದೆ ಏಳು. ಆದರೆ 3 ಇದ್ದಲ್ಲಿ 8 ಓದಿದ ತಪ್ಪು ಈ ಎಣಿಕೆಗೆ ಸಿಗುವುದಿಲ್ಲವಾದ್ದರಿಂದ ಪ್ರತಿ ನಂಬರನ್ನೂ ಗಟ್ಟಿಯಾಗಿ ಓದುತ್ತಾ ಚಿತ್ರದೊಡನೆ ತಾಳೆ ನೋಡಲೇಬೇಕು.

ಪೆನ್ನಿನ ನಂಬರನ್ನು ದಯವಿಟ್ಟು ಬಿಡಬೇಡಿ. ಕಾರ್ಡನ್ನು ಜೋಪಾನ ಮಾಡಿದ್ದೇ ಅದಕ್ಕಾಗಿ ಇರಬಹುದು. ಅದು ಇಬ್ಬರಲ್ಲಿ ಯಾರದೆಂದು ಊಹಿಸಿ ಸೇರಿಸುವುದು ಮಾತ್ರ ತಪ್ಪು. ಅಂಥ ಅನುಮಾನಗಳನ್ನೆಲ್ಲ ಚಿತ್ರದ ತುಣುಕುಗಳೊಡನೆ ಒಂದೇ ಸಂದೇಶದಲ್ಲಿ ಸಾಹೇಬರಿಗೆ ಕಳಿಸಿ, ಉತ್ತರ ಬರುವವರೆಗೆ ಟಿಪ್ಪಣಿಯ ಜಾಗದಲ್ಲಿ ‘ಕೈಬರಹ, ಯಾರದೆಂದು ಕೇಳಬೇಕು’ ಎಂದು ಬರೆದಿಡಿ. ಜಿಎಸ್‌ಟಿ ಸಂಖ್ಯೆಯನ್ನು ಯಾರೂ ಕೇಳಿಲ್ಲ, ಬಿಡಿ.

ಹೆಸರಿನ ವಿಷಯದಲ್ಲಿ ಆ್ಯಪ್‌ಗಳನ್ನು ನಂಬಲೇಬೇಡಿ. ಹೆಸರಿನ ಕೊನೆಯಲ್ಲಿ ಬರುವ ನಮ್ಮ ಇನಿಷಿಯಲ್‌ಗಳನ್ನು ಅವು ಮನೆತನದ ಹೆಸರೆಂದು ತಿಳಿಯುತ್ತವೆ. ಕಾರ್ಡಿನಲ್ಲಿರುವ ಹೆಸರನ್ನು ಇಡಿಯಾಗಿ ಮೊದಲ ಹೆಸರಿನ ಜಾಗದಲ್ಲೇ ಹಾಕಿ; ‘ಡಾ.’ ಎಂಬುದಕ್ಕೆ ಬೇರೆ ಜಾಗವಿದೆ, ಇಲ್ಲದಿದ್ದರೆ ವೈದ್ಯರೆಲ್ಲ ಒಂದೇ ಅಕ್ಷರದಡಿ ಬಂದು ಕೂರುತ್ತಾರೆ. ಅದೇ ವ್ಯಕ್ತಿ ಫೋನಿನಲ್ಲಿ ಮೊದಲೇ ಇದ್ದರೆ ಹಳೆಯ ನಂಬರನ್ನು ಅಳಿಸದೆ ಹೊಸದನ್ನು ಅದರ ಜೊತೆಗೆ ಸೇರಿಸಿ. ಎಲ್ಲ ಮುಗಿದ ಮೇಲೆ ಈ ಕಾಂಟ್ಯಾಕ್ಟ್‌ಗಳನ್ನೆಲ್ಲ ಒಳಗೊಂಡ .vcf ಕಡತವೊಂದನ್ನು ಕಳಿಸಿದರೆ ಸಾಹೇಬರ ಫೋನು ಅದನ್ನು ನೇರವಾಗಿ ಸೇರಿಸಿಕೊಳ್ಳುತ್ತದೆ.

ಪ್ರಶ್ನೆ: ಎಕ್ಸೆಲ್‌ನಲ್ಲಿ ತುಂಬಿ ಕೊಟ್ಟರೆ ಸಾಲದೆ? (ಮೈಸೂರು)

ಕಾಲಮ್ಮನ್ನು ಮೊದಲೇ Text ಎಂದು ಬದಲಿಸದಿದ್ದರೆ ನಂಬರಿನ ಮೊದಲ ಸೊನ್ನೆ ಹಾರಿಹೋಗಿ, ಹನ್ನೆರಡಂಕಿಯ ನಂಬರು 9.19E+11 ಎಂದು ಕಾಣಿಸುತ್ತದೆ.

ಪ್ರಶ್ನೆ: ನೂರಕ್ಕೆ ನೂರು ಸರಿಯಾಗಿ ಓದುವ ಉಚಿತ ಆ್ಯಪ್ ಇದೆಯಂತೆ, ಹಾಕಿಕೊಳ್ಳಲೇ? (ಶ್ರೀರಂಗಪಟ್ಟಣ)

ಹಾಗೆ ಓದುವ ಆ್ಯಪ್ ಯಾವುದೂ ಇಲ್ಲ. ಕಾರ್ಡು ಓದುವ ಮೊದಲೇ ನಿಮ್ಮ ಇಡೀ ಕಾಂಟ್ಯಾಕ್ಟ್ ಪಟ್ಟಿಗೆ ಅನುಮತಿ ಕೇಳಿ ಅದನ್ನು ತನ್ನ ಸರ್ವರ್‌ಗೆ ಒಯ್ಯುವ ಆ್ಯಪ್ ಆಗಿದ್ದರೆ ಇಂದೇ ತೆಗೆದುಹಾಕಿ.