ಆಡಿಟರ್ ಕಳಿಸಿದ ಲಿಂಕ್: ಒತ್ತುವ ಮುಂಚೆ, ಒತ್ತಿದ ಮೇಲೆ

ಪ್ರಶ್ನೆ: ಹತ್ತು ವರ್ಷದಿಂದ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16 ಎಲ್ಲವನ್ನೂ ನಮ್ಮ ಆಡಿಟರ್‌ಗೆ ವಾಟ್ಸಾಪ್‌ನಲ್ಲೇ ಕಳಿಸುತ್ತಿದ್ದೆ. ಈಗ ಅವರಿಂದ ಇಮೇಲ್‌ನಲ್ಲಿ ಪತ್ರ ಬಂದಿದೆ. ಇನ್ನು ಮುಂದೆ ಎಲ್ಲವನ್ನೂ ಹೊಸ ಸುರಕ್ಷಿತ ಸರ್ವರ್‌ಗೆ ಅಪ್‌ಲೋಡ್ ಮಾಡಬೇಕಂತೆ. ಕೆಳಗೆ ಲಿಂಕ್ ಕೊಟ್ಟಿದ್ದಾರೆ. ಒತ್ತೋಕೆ ಭಯ. ಸೈಬರ್ ಸೆಂಟರ್‌ನಲ್ಲಿ ಮಾಡಿಸಬಹುದೇ?
– ನಿವೃತ್ತ ಶಿಕ್ಷಕ, ಹಾಸನ

ಉತ್ತರ: ಮೇಷ್ಟ್ರೇ, ಭಯ ಪಟ್ಟಿದ್ದು ಒಳ್ಳೆಯದೇ ಆಯಿತು. ನಾನೂ ಆಡಿಟರ್. ನಮ್ಮ ಕಚೇರಿಯಿಂದಲೂ ಇಂಥದ್ದೇ ಪತ್ರ ಕಳಿಸಿದ್ದೆವು. ಆಗ ಫೋನ್ ಮಾಡಿ ಕೇಳಿದವರೇ ಸರಿಯಾದ ಕೆಲಸ ಮಾಡಿದ್ದು. ನೀವೂ ಹಾಗೇ ಮಾಡಿ. ಪತ್ರದಲ್ಲಿರುವ ನಂಬರಿಗೆ ಬೇಡ, ನಿಮ್ಮ ಫೋನಿನಲ್ಲಿ ಮೊದಲಿನಿಂದ ಇರುವ ನಂಬರಿಗೆ ಮಾಡಿ. ಸರ್ವರ್ ವಿಳಾಸವನ್ನು ಅವರ ಬಾಯಲ್ಲೇ ಹೇಳಿಸಿಕೊಂಡು ಬರೆದುಕೊಳ್ಳಿ.

ಬರೆದುಕೊಂಡ ವಿಳಾಸವನ್ನು ಲಿಂಕಿನ ಜೊತೆ ಹೋಲಿಸಿ ನೋಡಿ. ಕಚೇರಿಯ ವೆಬ್‌ಸೈಟ್ `office.example` ಎಂದಿಟ್ಟುಕೊಳ್ಳೋಣ.

```
https://docs.office.example/login
https://office.example.docs-login.test/
```

ಎರಡರಲ್ಲೂ ಕಚೇರಿಯ ಹೆಸರಿದೆ, ಅಲ್ವಾ? ಆದರೆ `https://` ಆದಮೇಲೆ ಬರುವ ಮೊದಲ ಓರೆಗೆರೆಯ ಹತ್ತಿರ ನಿಂತು, ಅಲ್ಲಿಂದ ಎಡಕ್ಕೆ ಓದಿ. ಮೊದಲನೆಯದರಲ್ಲಿ ಓರೆಗೆರೆಗೆ ತಾಗಿಕೊಂಡೇ `office.example` ಬರುತ್ತದೆ, ಅದು ಕಚೇರಿಯದು. ಎರಡನೆಯದರಲ್ಲಿ ಅದೇ ಜಾಗದಲ್ಲಿ `docs-login.test` ಇದೆ, ಅದು ಬೇರೆ ಯಾರದೋ. ಬೀಗದ ಚಿತ್ರ ಕಂಡರೆ ಸಾಕು ಅಂತ ಸುಮ್ನೆ ನಂಬಬೇಡಿ. ದಾರಿಯಲ್ಲಿ ಯಾರೂ ಕದ್ದು ಓದುತ್ತಿಲ್ಲ ಎನ್ನುವುದಷ್ಟೇ ಅದರ ಅರ್ಥ. ಕಳ್ಳರ ಸೈಟಿನಲ್ಲೂ ಬೀಗ ಇರುತ್ತದೆ. ಕೆಲವು ಕಚೇರಿಗಳು ಬೇರೆ ಕಂಪನಿಯ ಸರ್ವರ್ ಬಾಡಿಗೆಗೆ ಪಡೆದಿರುತ್ತವೆ. ಆಗ ವಿಳಾಸದಲ್ಲಿ ಕಚೇರಿಯ ಹೆಸರೇ ಇಲ್ಲದಿರಬಹುದು. ಫೋನಿನಲ್ಲಿ ಹೇಳಿಸಿಕೊಳ್ಳಿ ಎಂದಿದ್ದು ಅದಕ್ಕೇ.

ಒಳಗೆ ಹೋಗಲು ನಿಮ್ಮದೇ ಪಾಸ್‌ವರ್ಡ್ ಇಡಬೇಕು. ಜೊತೆಗೆ ಮೊಬೈಲ್‌ಗೆ ಒಂದು ಒಟಿಪಿ ಬರಬಹುದು. ಅದನ್ನು ಆ ಪುಟದಲ್ಲಿ ನೀವೇ ಹಾಕಿ. ಫೋನ್ ಮಾಡಿ ಒಟಿಪಿ ಕೇಳಿದರೆ, ಆಡಿಟರ್ ಕಚೇರಿಯ ಹೆಸರು ಹೇಳಿದರೂ ಕೊಡಬೇಡಿ. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಅಂತೂ ನಮ್ಮ ಯಾವ ಕೆಲಸಕ್ಕೂ ಬೇಕಾಗಿಲ್ಲ.

ಇನ್ನು ಫೋಲ್ಡರ್. ಜನ ಜಾಸ್ತಿ ಎಡವುವುದು ಇಲ್ಲೇ. ‘2026-27’ ಎಂದಿದ್ದರೆ ಅದು ಅಸೆಸ್‌ಮೆಂಟ್ ವರ್ಷವೋ, ಹಣಕಾಸು ವರ್ಷವೋ ಕೇಳಿಕೊಳ್ಳಿ. 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಪಿಂಚಣಿ, ಎಫ್‌ಡಿ ಬಡ್ಡಿ ಎಲ್ಲ ಹಣಕಾಸು ವರ್ಷದ ಲೆಕ್ಕದಲ್ಲಿ 2025-26. ಅಸೆಸ್‌ಮೆಂಟ್ ವರ್ಷದ ಲೆಕ್ಕದಲ್ಲಿ ಅದೇ 2026-27.

ಬ್ಯಾಂಕ್ ಸ್ಟೇಟ್‌ಮೆಂಟನ್ನು ಫೋಟೊ ತೆಗೆದು ಹಾಕಬೇಡಿ. ಬ್ಯಾಂಕಿನ ಆಪ್‌ನಿಂದ ಇಡೀ ವರ್ಷದ್ದನ್ನು ಒಂದೇ ಪಿಡಿಎಫ್ ಆಗಿ ಇಳಿಸಿಕೊಳ್ಳಿ. ಒಮ್ಮೆ ನನಗೊಬ್ಬರು ಹನ್ನೊಂದು ಫೋಟೊ ಕಳಿಸಿದ್ದರು. ಆರನೇ ಪುಟದ ಕೊನೆಯ ಬಾಕಿ 84,210 ರೂಪಾಯಿ. ಮುಂದಿನ ಫೋಟೊ ಶುರುವಾಗುವುದು 61,730ರಿಂದ. ನಡುವೆ ಒಂದು ಪುಟ ಬಿಟ್ಟುಹೋಗಿತ್ತು, ಎಫ್‌ಡಿ ಬಡ್ಡಿ ಜಮೆಯಾದದ್ದು ಅದೇ ಪುಟದಲ್ಲಿ. ಕೈಯಲ್ಲಿ ಕಾಗದ ಮಾತ್ರ ಇದ್ದರೆ ಫೋನಿನ ಸ್ಕ್ಯಾನ್ ಆಪ್‌ನಲ್ಲಿ ಎಲ್ಲ ಪುಟ ಸೇರಿಸಿ ಒಂದು ಪಿಡಿಎಫ್ ಮಾಡಿ. ಒಂದು ಪುಟದ ಕೊನೆಯ ಬಾಕಿ ಮುಂದಿನ ಪುಟದ ಮೊದಲ ಬಾಕಿಗೆ ಹೊಂದುತ್ತದೆಯೇ ನೋಡಿ.

ಪಿಡಿಎಫ್‌ಗೆ ಪಾಸ್‌ವರ್ಡ್ ಇದ್ದರೆ ತೆಗೆಯುವ ಗೋಜಿಗೆ ಹೋಗಬೇಡಿ. ಆದಾಯ ತೆರಿಗೆ ಪೋರ್ಟಲ್‌ನಿಂದ ಇಳಿಸಿದ ಎಐಎಸ್‌ಗೆ, ಅಂದರೆ ವಾರ್ಷಿಕ ಮಾಹಿತಿ ಪಟ್ಟಿಗೆ, ಪಾಸ್‌ವರ್ಡ್ ಎಂದರೆ ಸಣ್ಣ ಅಕ್ಷರದ ಪ್ಯಾನ್, ಅದರ ಹಿಂದೆಯೇ ಹುಟ್ಟಿದ ದಿನ. ಪ್ಯಾನ್ ABCDE1234F, ಹುಟ್ಟಿದ್ದು 12-8-1957 ಎಂದಾದರೆ `abcde1234f12081957`. ಅದು ನಮಗೆ ಗೊತ್ತೇ ಇರುತ್ತದೆ. ಬ್ಯಾಂಕಿನ ಪಿಡಿಎಫ್‌ನ ಪಾಸ್‌ವರ್ಡ್ ಮಾತ್ರ ಫೋನಿನಲ್ಲಿ ಹೇಳಿ. ಫೈಲಿನ ಹೆಸರಿನಲ್ಲಿ ಬರೆದುಬಿಟ್ಟರೆ ಬೀಗದ ಮೇಲೇ ಕೀಲಿ ನೇತುಹಾಕಿದ ಹಾಗೆ. ಕೆಲವು ಸರ್ವರ್‌ಗಳು ಪಾಸ್‌ವರ್ಡ್ ಇರುವ ಫೈಲನ್ನು ತೆಗೆದುಕೊಳ್ಳುವುದಿಲ್ಲ, ಒಳಗೆ ವೈರಸ್ ಇದೆಯೇ ಎಂದು ನೋಡಲು ಅವಕ್ಕೆ ಆಗುವುದಿಲ್ಲ. ಹಾಗಾದರೆ ಕಚೇರಿಗೆ ತಿಳಿಸಿ.

ಅಪ್‌ಲೋಡ್ ಗೆರೆ ತುಂಬಿದ ಮಾತ್ರಕ್ಕೆ ಮುಗಿಯಿತು ಎಂದುಕೊಳ್ಳಬೇಡಿ. ಕೆಳಗೆ `Submit` ಇದ್ದರೆ ಅದನ್ನೂ ಒತ್ತಬೇಕು. ಆಮೇಲೆ ಫೋಲ್ಡರ್‌ಗೆ ವಾಪಸ್ ಹೋಗಿ, ಹಾಕಿದ ಫೈಲನ್ನು ಒಮ್ಮೆ ತೆರೆಯಿರಿ. ಕೊನೆಯ ಪುಟ ಕಂಡರೆ ಸರಿ.

ಸೈಬರ್ ಸೆಂಟರ್ ಬೇಡ ಮೇಷ್ಟ್ರೇ. ಅಲ್ಲಿ ಇಳಿಸಿದ ಫೈಲ್ `Downloads` ಫೋಲ್ಡರ್‌ನಲ್ಲಿ ಹಾಗೇ ಉಳಿಯುತ್ತದೆ, ಬ್ರೌಸರ್ ನಿಮ್ಮ ಪಾಸ್‌ವರ್ಡ್ ನೆನಪಿಟ್ಟುಕೊಂಡಿರಬಹುದು. ಮನೆಯಲ್ಲಿ ಮಗನೋ ಮೊಮ್ಮಗಳೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಫೋನಿನಿಂದಲೇ ಮಾಡಿ. ಯಾರೂ ಇಲ್ಲದಿದ್ದರೆ ಕಾಗದ ತೆಗೆದುಕೊಂಡು ಆಡಿಟರ್ ಕಚೇರಿಗೇ ಹೋಗಿ, ನಿಮ್ಮ ಎದುರಿಗೇ ಸ್ಕ್ಯಾನ್ ಮಾಡಿ ಸರ್ವರ್‌ಗೆ ಹಾಕಿಕೊಡಿ ಎಂದು ಕೇಳಿ. ಹಾಗೆ ಕೇಳುವುದರಲ್ಲಿ ಸಂಕೋಚ ಏನೂ ಇಲ್ಲ.