ಕನ್ನಡವೋ ತೆಲುಗೋ: ಹಳೇ ಕಾಗದದಲ್ಲಿ ಮೊದಲು ‘ಶ್ರೀ’ ನೋಡಿ

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಬಳ್ಳಾರಿ, ರಾಯದುರ್ಗ ಕಡೆಯ ಹಳೇ ಲಗ್ನಪತ್ರಿಕೆ, ರಸೀದಿ, ಕ್ರಯಪತ್ರ ಎಲ್ಲಾ ಇವೆ. ಕೆಲವು ಕನ್ನಡ, ಕೆಲವು ತೆಲುಗು. ಸ್ಕ್ಯಾನ್ ಮಾಡಿ ಓಸಿಆರ್‌ಗೆ ಕೊಟ್ಟರೆ ಎರಡೂ ಕಲಸಿಕೊಂಡು ಬರ್ತಿದೆ. ಹೇಗೆ ಬೇರೆ ಮಾಡೋದು?

ಆ ಕಡೆಯ ಪೆಟ್ಟಿಗೆ ಅಂದ ಮೇಲೆ ಎರಡೂ ಇರಲೇಬೇಕು ಬಿಡಿ. 1953ರ ಅಕ್ಟೋಬರ್‌ವರೆಗೆ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಆಮೇಲೆ ರಾಯದುರ್ಗ, ಆದೋನಿ, ಆಲೂರು ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು. ನೆಂಟಸ್ತನ ಮಾತ್ರ ಎರಡೂ ಕಡೆ ಹಾಗೇ ಉಳಿಯಿತು.

ಮೊದಲು ಕಣ್ಣಿನಿಂದ ವಿಂಗಡಿಸಿ, ಓಸಿಆರ್ ಆಮೇಲೆ. ಇಂಥ ಕಾಗದಗಳ ನೆತ್ತಿಯ ಮೇಲೆ ಸಾಮಾನ್ಯವಾಗಿ ‘ಶ್ರೀ’ ಇರುತ್ತದೆ, ಅಲ್ವಾ? ಅದನ್ನೇ ಹಿಡಿಯಿರಿ. ಕನ್ನಡದಲ್ಲಿ ದೀರ್ಘದ ಗುರುತು ಅಕ್ಷರ ಮುಗಿದ ಮೇಲೆ ಬಲಗಡೆ ಬೇರೆಯಾಗಿ ನಿಲ್ಲುತ್ತದೆ. ತೆಲುಗಿನಲ್ಲಿ ಅದು ಅಕ್ಷರದ ತಲೆಯ ಮೇಲೇ ಸುತ್ತಿಕೊಂಡಿರುತ್ತದೆ, ಬಲಗಡೆ ಏನೂ ಇರುವುದಿಲ್ಲ. ರ-ಒತ್ತೂ ಹಾಗೆಯೇ. ಕನ್ನಡದಲ್ಲಿ ಕೆಳಗೆ ಬಲಕ್ಕೆ ಕೂರುತ್ತದೆ, ಹಳೇ ತೆಲುಗು ಅಚ್ಚಿನಲ್ಲಿ ಎಡಗಡೆಯಿಂದ ಅಕ್ಷರವನ್ನು ತಬ್ಬಿಕೊಳ್ಳುತ್ತದೆ. ‘ಶ್ರೀ’ ಅಳಿಸಿಹೋಗಿದ್ದರೆ ಸಾಲಿನಲ್ಲಿ ಬೇರೆ ಕಡೆ ಕೀ, ದೇ, ಲೋ ಥರದ ದೀರ್ಘಾಕ್ಷರ ಹುಡುಕಿ. ಕ, ತ, ಶ, ಹ ಕೂಡ ಎರಡು ಲಿಪಿಯಲ್ಲೂ ಬೇರೆ ಬೇರೆ ಆಕಾರ.

ತಲಕಟ್ಟನ್ನು ಮಾತ್ರ ಜಾಸ್ತಿ ನಂಬಬೇಡಿ. ತೆಲುಗಿನದು ಮೇಷ್ಟ್ರು ಹಾಕುವ ‘ಸರಿ’ ಗುರುತಿನ ಹಾಗೆ ಮೇಲಕ್ಕೇಳುತ್ತದೆ, ಕನ್ನಡದ್ದು ಅಡ್ಡಕ್ಕೆ ಹೋಗುತ್ತದೆ. ಆದರೆ ಮಸಿ ಮಾಸಿದಾಗ ಮೊದಲು ಹೋಗುವುದೇ ಅದು. ಅರ್ಕಾವತ್ತು ಕಂಡ ತಕ್ಷಣ ಕನ್ನಡ ಅಂತ ತೀರ್ಮಾನಿಸುವುದೂ ಬೇಡ. ಹಳೇ ತೆಲುಗು ಅಚ್ಚಿನಲ್ಲೂ ಅಂಥದ್ದೇ ಗುರುತಿತ್ತು.

ಇನ್ನು ಓಸಿಆರ್. ನೀವು ಬಹುಶಃ ಟೆಸರ್ಯಾಕ್ಟ್ ಅನ್ನುವ ಓಸಿಆರ್ ತಂತ್ರಾಂಶಕ್ಕೆ ಎರಡು ಭಾಷೆಯನ್ನೂ ಒಟ್ಟಿಗೆ, `-l kan+tel` ಅಂತ ಕೊಟ್ಟಿದ್ದೀರಿ. ಹಾಗೆ ಕೊಟ್ಟರೆ ಟೆಸರ್ಯಾಕ್ಟ್ ಒಂದೊಂದು ಪದಕ್ಕೂ ಯಾವುದು ಹೊಂದುತ್ತದೆ ಅಂತ ಬೇರೆ ಬೇರೆ ತೀರ್ಮಾನ ಮಾಡುತ್ತದೆ. ‘ಕೇಶವ’ ಇದ್ದರೆ ತೊಂದರೆ ಇಲ್ಲ. ಕ, ಶ, ದೀರ್ಘ ಮೂರೂ ಗುಟ್ಟು ಬಿಟ್ಟುಕೊಡುತ್ತವೆ. ‘ಬಸವಯ್ಯ’ ತಗೊಳ್ಳಿ. ಬ, ಸ, ವ, ಯ ಎಲ್ಲವೂ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಕನ್ನಡ ಸಾಲಿನ ಮಧ್ಯೆ ಆ ಹೆಸರೊಂದು ತೆಲುಗು ಅಕ್ಷರವಾಗಿ ಕೂತುಬಿಡಬಹುದು. ಪರದೆಯ ಮೇಲೆ ನೋಡಿದರೆ ತಪ್ಪು ಅಂತ ಅನ್ನಿಸುವುದೇ ಇಲ್ಲ. ಆಮೇಲೆ ಫೈಲಿನಲ್ಲಿ ‘ಬಸವಯ್ಯ’ ಅಂತ ಹುಡುಕಿದರೆ ಸಿಗುವುದಿಲ್ಲ, ಆಗ ಗೊತ್ತಾಗುತ್ತದೆ.

ಅದಕ್ಕೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಅನುಮಾನವಿರುವ ಸಾಲನ್ನು ಕತ್ತರಿಸಿ, ಎರಡು ಸಲ ಓಡಿಸಿ:

```
tesseract saalu.png k -l kan --psm 7 tsv
tesseract saalu.png t -l tel --psm 7 tsv
```

ಎರಡು ಫೈಲಿನಲ್ಲೂ `conf` ಅಂತ ಒಂದು ಕಾಲಮ್ ಇರುತ್ತದೆ, ಓದಿದ್ದು ಎಷ್ಟು ಖಚಿತ ಅನ್ನುವ ಅಂಕ ಅದು. ಇಡೀ ಸಾಲಿನ ಪದಗಳ ಅಂಕ ನೋಡಿ, ಒಂದು ಪದದ್ದಲ್ಲ. ‘ಬಸವಯ್ಯ’ನಿಗೆ ಎರಡೂ ಕಡೆ ಒಳ್ಳೆ ಅಂಕ ಬರಬಹುದು. ಅಕ್ಕಪಕ್ಕದ ಪದಗಳೇ ಸಾಕ್ಷಿ.

ತೆಲುಗು ಅಂತ ಖಚಿತವಾದ ಸಾಲನ್ನು ಕನ್ನಡ ಅಕ್ಷರಕ್ಕೆ ತಿರುಗಿಸುವುದು ಸುಲಭ. ಯೂನಿಕೋಡ್‌ನಲ್ಲಿ ಎರಡೂ ಲಿಪಿಯ ಅಕ್ಷರಗಳು ಒಂದೇ ಕ್ರಮದಲ್ಲಿವೆ. ಪೈಥಾನ್‌ನಲ್ಲಿ ಒಂದು ನಿಗದಿತ ಅಂತರ ಕೂಡಿಸಿದರೆ ಆಯಿತು:

```
t = open("t.txt", encoding="utf-8").read()
print("".join(chr(ord(c)+0x80)
      if 0x0C00 <= ord(c) <= 0x0C7F else c for c in t))
```

ಇಲ್ಲಿ `t.txt` ಬೇಕಾದರೆ ಮೇಲಿನ ಎರಡನೇ ಆಜ್ಞೆಯನ್ನು ಕೊನೆಯ `tsv` ಬಿಟ್ಟು ಓಡಿಸಿ. ತೆಲುಗು ಓದಲು ಬರದಿದ್ದರೂ ಗಟ್ಟಿಯಾಗಿ ಓದಿ ಮನೆಯ ಹಿರಿಯರಿಗೆ ಕೇಳಿಸಬಹುದು.

ಒಂದು ತಿರುವು ಇದೆ. ಲಿಪಿ ಕನ್ನಡ, ಭಾಷೆ ತೆಲುಗು ಇರುವ ಕಾಗದವೂ ಸಿಗುತ್ತದೆ. ‘ನೇನು ವ್ರಾಯಿಂಚಿ ಇಚ್ಚಿನ ಪತ್ರಮು’ ಅಂತ ಅಚ್ಚುಕಟ್ಟಾಗಿ ಕನ್ನಡ ಅಕ್ಷರದಲ್ಲೇ ಬರೆದಿರುತ್ತಾರೆ. ಮನೆಮಾತು ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ ಆದವರು ಹೀಗೇ ಬರೆಯುತ್ತಿದ್ದರು. ಅಂಥದ್ದು ಅಚ್ಚಾಗಿದ್ದರೆ `kan` ಅದನ್ನು ಕನ್ನಡ ಪದಗಳ ಕಡೆಗೆ ಎಳೆಯಲು ನೋಡುತ್ತದೆ, `tel` ಅಕ್ಷರದಲ್ಲೇ ಎಡವುತ್ತದೆ. ಎರಡರಲ್ಲೂ ಅಂಕ ಕಡಿಮೆ ಬಂದು, ಕಣ್ಣಿಗೆ ಮಾತ್ರ ಸ್ಪಷ್ಟ ಕನ್ನಡ ಅಕ್ಷರ ಕಂಡರೆ ಇದೇ ಇರಬಹುದು ಅಂತ ಅನುಮಾನಿಸಿ. ಸಾಲಿನಲ್ಲಿ ಗಾರು, ಯೊಕ್ಕ, ಇಚ್ಚಿನ ಇವೆಯಾ ನೋಡಿ. ಇದ್ದರೆ ಕೈಯಲ್ಲೇ ಟೈಪ್ ಮಾಡಿ. ಫೈಲಿನ ಹೆಸರಿನಲ್ಲಿ ಲಿಪಿ, ಭಾಷೆ ಎರಡನ್ನೂ ಬೇರೆ ಬೇರೆ ಬರೆದಿಡಿ.

ಇದೆಲ್ಲಾ ಅಚ್ಚಾದ ಲಗ್ನಪತ್ರಿಕೆ, ರಸೀದಿಗೆ. ಕ್ರಯಪತ್ರ ಕೈಬರಹದ್ದು ಅಂದುಕೊಳ್ಳುತ್ತೇನೆ. ಅದರ ಮೇಲೆ ಟೆಸರ್ಯಾಕ್ಟ್ ಓಡಿಸಿ ಸುಮ್ನೆ ಹೊತ್ತು ಕಳೆಯಬೇಡಿ, ಕೂಡುಬರಹ ಅದಕ್ಕೆ ದಕ್ಕುವುದಿಲ್ಲ. ಅದರ ‘ಶ್ರೀ’ ಮತ್ತು ಮೊದಲ ನಾಲ್ಕೈದು ಸಾಲಿನ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಹೆಸರು, ಸರ್ವೆ ನಂಬರ್ ಇರುವ ಜಾಗ ಮುಚ್ಚಿ ಹಾಕಿ.