ಮನವಿಪತ್ರದಿಂದ ಕರನಿರಾಕರಣೆಗೆ: ಬಾರ್ಡೋಲಿ, 1928

ಪ್ರಶ್ನೆ: ವಸಾಹತುಶಾಹಿ ವಿರುದ್ಧ ಮನವಿ ಸಲ್ಲಿಸುವುದಕ್ಕೂ ಜನರೆಲ್ಲ ಸೇರಿ ತೆರಿಗೆ ಕೊಡದಿರುವುದಕ್ಕೂ ಏನು ವ್ಯತ್ಯಾಸ?

ಮನವಿ ಸರ್ಕಾರದ ಮನಸ್ಸನ್ನು ನಂಬಿಕೊಂಡಿರುತ್ತದೆ. ಅದನ್ನು ಕಡತಕ್ಕೆ ಸೇರಿಸಿ ಸುಮ್ಮನಿದ್ದರೆ ಸರ್ಕಾರಕ್ಕೆ ನಷ್ಟವಿಲ್ಲ. ಕರನಿರಾಕರಣೆ ಹಿಡಿಯುವುದು ವಸೂಲಿಯ ಯಂತ್ರವನ್ನೇ. ಆ ಯಂತ್ರ ನಡೆಯಲು ಊರಿನವರೇ ಬೇಕು: ಲೆಕ್ಕ ಬರೆಯುವ ತಲಾಟಿ, ಊರ ಪಟೇಲ, ಜಪ್ತಿಯಾದದ್ದನ್ನು ಹರಾಜಿನಲ್ಲಿ ಕೊಳ್ಳುವವರು.

ಗುಜರಾತಿನ ಬಾರ್ಡೋಲಿ ತಾಲ್ಲೂಕಿನಲ್ಲಿ ಮುಂಬಯಿ ಸರ್ಕಾರ ಭೂಕಂದಾಯವನ್ನು ಸುಮಾರು ಶೇ. 22ರಷ್ಟು ಏರಿಸಿತು. ರೈತರು ಮೊದಲು ಮನವಿಗಳನ್ನೇ ಕೊಟ್ಟರು, ಫಲ ಸಿಗಲಿಲ್ಲ. 1928ರ ಫೆಬ್ರವರಿಯಲ್ಲಿ ವಲ್ಲಭಭಾಯಿ ಪಟೇಲರ ಮುಂದಾಳ್ತನದಲ್ಲಿ ಕಂದಾಯ ನಿಲ್ಲಿಸಿದರು. ಜಪ್ತಿಯವರು ಬರುತ್ತಾರೆಂದು ಡೋಲು ಬಾರಿಸಿ ಸುದ್ದಿ ಮುಟ್ಟಿಸುತ್ತಿದ್ದರು. ಜನ ಎಮ್ಮೆಗಳ ಜೊತೆ ಮನೆಯೊಳಗೇ ಬಾಗಿಲು ಹಾಕಿಕೊಂಡು ಇರುತ್ತಿದ್ದರು. ಹರಾಜಿನಲ್ಲಿ ಕೊಂಡವರಿಗೆ ಸಾಮಾಜಿಕ ಬಹಿಷ್ಕಾರ ಕಾದಿತ್ತು. ಅನೇಕ ಪಟೇಲರೂ ತಲಾಟಿಗಳೂ ರಾಜೀನಾಮೆ ಕೊಟ್ಟರು. ಆಗಸ್ಟ್‌ನಲ್ಲಿ ಸರ್ಕಾರ ತನಿಖೆಗೆ ಒಪ್ಪಿತು. ಬ್ರೂಮ್‌ಫೀಲ್ಡ್ ಮತ್ತು ಮ್ಯಾಕ್ಸ್‌ವೆಲ್ ಎಂಬ ಅಧಿಕಾರಿಗಳು ಏರಿಕೆಯನ್ನು ಸುಮಾರು ಶೇ. 6ಕ್ಕೆ ಇಳಿಸಲು ಹೇಳಿದರು.

ಎಲ್ಲವೂ ಊರಿನವರ ಒಗ್ಗಟ್ಟಿನ ಮೇಲೆ ನಿಂತಿರುವುದರಿಂದ ಈ ವಿಧಾನದ ದೌರ್ಬಲ್ಯವೂ ಅಲ್ಲೇ ಇದೆ. ಹೊರಗಿನಿಂದ ಒಬ್ಬ ಹಣವಂತ ಬಂದು ಜಮೀನು ಕೊಂಡರೂ ಒಗ್ಗಟ್ಟಿಗೆ ಬಿರುಕು ಬೀಳಬಹುದು. ಮಾರಾಟವಾದ ಜಮೀನು ಮರಳಿಸಬೇಕೆಂಬುದು ಬಾರ್ಡೋಲಿಯ ಸಂಧಾನದಲ್ಲಿ ಮುಖ್ಯ ವಿಷಯವಾದದ್ದು ಅದಕ್ಕಾಗಿಯೇ. ಬೇಡಿಕೆ ಚಿಕ್ಕದಾಗಿದ್ದುದೂ ನೆರವಾಯಿತು ಎಂದು ನನ್ನ ಅಭಿಪ್ರಾಯ: ಅವರು ಕೇಳಿದ್ದು ಸ್ವರಾಜ್ಯವನ್ನಲ್ಲ, ನ್ಯಾಯವಾದ ಮರುತನಿಖೆಯನ್ನು.